ನಾಲ್ಕು ಬೆರಳು ಮಾರ್ಜಿನ್

ಟೈಲರಮ್ಮನ ಕಣ್ಣೇ ಟೇಪು ಎಂದು ಆ ಬೀದಿಯಲ್ಲಿ ಮಾತಿತ್ತು. ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಸೊಂಟ, ಭುಜ, ತೋಳು ಎಲ್ಲದರ ಅಳತೆಯೂ ಅವಳ ತಲೆಯಲ್ಲಿ ಕೂತಿರುತ್ತಿತ್ತು. ಟೇಪು ಹಿಡಿಯುತ್ತಿದ್ದುದು ಗಿರಾಕಿಯ ಸಮಾಧಾನಕ್ಕೆ ಮಾತ್ರ. ಇಂಥ ಕಣ್ಣಿನವಳಿಗೆ ಸ್ವಂತ ಮಗಳು ಸವೆದುಹೋಗುತ್ತಿದ್ದುದು ಕಾಣಲಿಲ್ಲವೇ ಎಂದರೆ, ಕಂಡಿತ್ತು. ಕಂಡು ಏನು ಮಾಡಿದಳು? ಅಂಗಿ ಬಿಗಿ ಮಾಡಿದಳು.

ಒಂದೇ ವರ್ಷದಲ್ಲಿ ನಾಲ್ಕು ಸಲ. ಮಗಳ ನೀಲಿ ಅಂಗಿ ಜೋಲಾಡಲು ಶುರುವಾದಾಗಲೆಲ್ಲ, "ಟೈಲರ್ ಮಗಳು ಗೋಣಿಚೀಲ ತಗಲಾಕ್ಕೊಂಡು ಓಡಾಡಿದ್ರೆ ನನ್ನ ಮರ್ಯಾದೆ ಏನಾಗ್ಬೇಕು?" ಎಂದು ಗೊಣಗುತ್ತ ಪಕ್ಕದ ಹೊಲಿಗೆಯನ್ನು ಒಳಕ್ಕೆ ಸರಿಸುತ್ತಿದ್ದಳು. ಅಂಗಿ ಮೈಗೆ ಸರಿಯಾಗಿ ಕೂತರೆ ಎಲ್ಲವೂ ಸರಿಯಾಗಿದೆ ಅನ್ನಿಸುತ್ತಿತ್ತು. ಹುಡುಗಿ ಕಾಲೇಜಿನಲ್ಲಿ ತಲೆ ಸುತ್ತಿ ಬಿದ್ದ ದಿನ, ನಾಡಿ ನೋಡಿದ ಡಾಕ್ಟರು "ಮುಟ್ಟು ನಿಂತು ಎಷ್ಟು ತಿಂಗಳಾಯ್ತು?" ಎಂದು ಕೇಳಿದಾಗ ತಾಯಿ ಬೆರಳು ಮಡಿಸಿ ಎಣಿಸಲು ಹೋಗಿ, ಲೆಕ್ಕ ಸಿಗದೆ ಮಗಳ ಮುಖ ನೋಡಿದಳು.

ಡಯಟ್ ಅನ್ನುವುದು ಆ ಮನೆಗೆ ಹೊಸದಾಗಿದ್ದರೆ ಬೇಗ ಎಚ್ಚರವಾಗುತ್ತಿತ್ತೇನೋ. ಟೈಲರಮ್ಮನ ತಂಗಿ, ಅಂಗಡಿಯಲ್ಲಿ ಗುಂಡಿ ಹಾಕುವವಳು, ಪ್ರತಿ ಸೋಮವಾರ ಡಯಟ್ ಶುರು ಮಾಡುತ್ತಿದ್ದಳು. ಅದಕ್ಕೇ ಎಲ್ಲರ ಬಾಯಲ್ಲಿ ಅವಳು ಸೋಮವಾರ ಚಿಕ್ಕಮ್ಮ. ಬುಧವಾರ ಯಾರಾದರೂ ಕೇಕು ಕೊಟ್ಟರೆ, "ಬೇಡ ಅಂದ್ರೆ ಪಾಪ ಬೇಜಾರು ಮಾಡ್ಕೋತಾರೆ" ಎಂದು ತಿಂದು, ಬೆರಳು ನೆಕ್ಕಿ, ಮಧ್ಯಾಹ್ನ ಊಟಕ್ಕೂ ಮೊದಲೇ ಬಂದು ಕೂರುತ್ತಿದ್ದಳು.

"ಇವಳದ್ದೂ ಅದೇ ಅಂದ್ಕೊಂಡೆ. ಸ್ವಲ್ಪ ಹಟ ಜಾಸ್ತಿ, ಅಷ್ಟೇ ಅಂತ," ಎಂದು ಟೈಲರಮ್ಮ, ಡಾಕ್ಟರು ಹೇಳಿದ್ದಕ್ಕೆ ಮಗಳನ್ನು ಕರೆದುಕೊಂಡು ಹೋಗಿ, ಆಸ್ಪತ್ರೆಯ ಆಪ್ತಸಮಾಲೋಚಕಿಯ ಎದುರು ಹೇಳಿಕೊಂಡಳು.

"ನಿಮ್ಮ ತಂಗಿ ಕೇಕು ತಿಂದ್ಮೇಲೆ ಏನ್ಮಾಡ್ತಾರೆ?"

"ಇನ್ನೊಂದು ಇದೆಯಾ ಅಂತ ಕೇಳ್ತಾಳೆ."

ಸಮಾಲೋಚಕಿ ನಕ್ಕು ಮಗಳ ಕಡೆ ತಿರುಗಿದಳು. ಹುಡುಗಿ ನೆಲ ನೋಡುತ್ತಲೇ ಹೇಳಿದಳು: "ನನಗೆ ಒಂದು ಬಿಸ್ಕತ್ತು ತಿಂದ್ರೂ ಇಡೀ ದಿನ ಹಾಳಾಯ್ತು ಅನ್ಸುತ್ತೆ. ಆಮೇಲೆ ನಿಲ್ಲಿಸೋಕೇ ಆಗಲ್ಲ. ಬಾಗಿಲು ಹಾಕ್ಕೊಂಡು ಒಂದಿಡೀ ಬ್ರೆಡ್ಡು, ಸಿಕ್ಕಿದ್ದೆಲ್ಲ. ರುಚಿ ಕೂಡ ಗೊತ್ತಾಗಲ್ಲ. ಮಾರನೇ ದಿನ ಅದಕ್ಕೆ ಶಿಕ್ಷೆ ಅಂತ ಉಪವಾಸ."

ಮಂಚದ ಕೆಳಗೆ ಸಿಕ್ಕ ಖಾಲಿ ಪೊಟ್ಟಣಗಳನ್ನು ಇಲಿಯ ಕೆಲಸ ಎಂದುಕೊಂಡು ಬೋನು ಇಟ್ಟಿದ್ದವಳು ಟೈಲರಮ್ಮ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಶುರುವಾಗಿದ್ದು ಡಯಟ್ಟಿಂದಲೇ ಇರಬಹುದು," ಎಂದಳು ಸಮಾಲೋಚಕಿ. "ಆದ್ರೆ ನಿಮ್ಮ ತಂಗಿಗೆ ಅದು ಬೇಡ ಅನ್ನಿಸಿದ್ರೆ ಬಿಟ್ಟುಬಿಡೋ ವಿಷಯ. ಇವಳ ತಲೇಲಿ ದಿನ ಪೂರ್ತಿ ಅದೇ, ಬಿಡೋಕೆ ಹೋದ್ರೆ ಭಯ. ಇದು ಹಟ ಅಲ್ಲಮ್ಮ, ಕಾಯಿಲೆ. ಹೊಟ್ಟೆ ಕಟ್ಟಿದಷ್ಟೂ ಆ ಸಿಕ್ಕಿದ್ದಕ್ಕೆಲ್ಲ ಮುಗಿಬೀಳೋದು ಹೆಚ್ಚಾಗುತ್ತೆ. ಅದಕ್ಕೇ ಹೊತ್ತು ಹೊತ್ತಿಗೆ ಊಟ. ಒಂದು ಹೊತ್ತೂ ತಪ್ಪಬಾರದು."

ಆಮೇಲೆ ಅವಳು ಹುಡುಗಿಯ ಕೈಗೆ ಒಂದು ದಾರದುಂಡೆ ಕೊಟ್ಟು, ನಿನ್ನ ಸೊಂಟ ಎಷ್ಟಿದೆ ಅನ್ನಿಸುತ್ತೋ ಅಷ್ಟಕ್ಕೆ ನೆಲದ ಮೇಲೆ ಒಂದು ಸುತ್ತು ಹಾಕು ಎಂದಳು. ಹುಡುಗಿ ತುಂಬ ಯೋಚಿಸಿ ಹಾಕಿದಳು. ಆ ಸುತ್ತಿನೊಳಗೆ ಸೋಮವಾರ ಚಿಕ್ಕಮ್ಮ ನಿಂತರೂ ಜಾಗ ಮಿಗುತ್ತದೆ ಎಂದು ಟೈಲರಮ್ಮನ ಕಣ್ಣು ಕೂಡಲೇ ಹೇಳಿತು. ಸಮಾಲೋಚಕಿ ಇನ್ನೊಂದು ದಾರದಿಂದ ನಿಜವಾದ ಅಳತೆ ತೆಗೆದು ಆ ಸುತ್ತಿನ ಒಳಗಿಟ್ಟಳು. ಹುಡುಗಿ ಪುಟ್ಟ ಸುತ್ತನ್ನೂ ದೊಡ್ಡ ಸುತ್ತನ್ನೂ ಬಹಳ ಹೊತ್ತು ನೋಡಿ, "ನೀವು ಬಿಗಿಯಾಗಿ ಹಿಡಿದ್ರಿ" ಎಂದಳು. ಅವಳು ಸುಳ್ಳು ಹೇಳುತ್ತಿರಲಿಲ್ಲ, ಅವಳಿಗೆ ಕಾಣುತ್ತಿದ್ದುದೇ ಹಾಗೆ. ಅದು ಗೊತ್ತಾಗಿ ಟೈಲರಮ್ಮ ಅಲ್ಲೇ ಅತ್ತುಬಿಟ್ಟಳು.

ಅದಾಗಿ ಏಳು ತಿಂಗಳು. ದಿನಕ್ಕೆ ಮೂರು ಊಟ, ಜೊತೆಗೆ ಮೂರು ತಿಂಡಿ. ಆಸ್ಪತ್ರೆಯಲ್ಲಿ ತೂಕ ನೋಡುವಾಗ ಹುಡುಗಿ ಯಂತ್ರದ ಅಂಕಿಗೆ ಬೆನ್ನು ಹಾಕಿ ನಿಲ್ಲಬೇಕು. ಮನೆಯಲ್ಲಿ ದಪ್ಪ, ಸಣ್ಣ, ತೂಕದ ಮಾತು ಯಾರೂ ಎತ್ತಬಾರದು. ಚಿಕ್ಕಮ್ಮ ಬಾಯಿಗೆ ಬೀಗ ಹಾಕಿಕೊಂಡಳು. ದಿನಕ್ಕೆರಡು ಸಲ ಬೀಗ ತಾನಾಗೇ ತೆರೆದುಕೊಳ್ಳುತ್ತಿತ್ತು, ಆ ಮಾತು ಬೇರೆ. ಎಡವಿದ ದಿನಗಳೂ ಇದ್ದವು. ಆದರೂ ಹುಡುಗಿಯ ತಣ್ಣಗಿದ್ದ ಕೈ ಬೆಚ್ಚಗಾಯಿತು, ಕೂದಲು ಉದುರುವುದು ಕಡಿಮೆಯಾಯಿತು, ತಾಯಿಯ ಜೊತೆ ಜಗಳವಾಡುವಷ್ಟು ಶಕ್ತಿ ಬಂತು. ಮಗಳು ಎದುರುತ್ತರ ಕೊಟ್ಟರೆ ಹಿಗ್ಗುವ ತಾಯಿ ಆ ಬೀದಿಗೆಲ್ಲ ಇವಳೊಬ್ಬಳೇ.

ಮೈ ತುಂಬಿಕೊಳ್ಳುತ್ತಿದ್ದಂತೆ ಟೈಲರಮ್ಮನಿಗೆ ಹೊಸ ಹೆದರಿಕೆ. ಅಂಗಿ ಬಿಗಿಯಾದರೆ ಮಗಳು ಚಮಚ ಕೆಳಗಿಟ್ಟುಬಿಟ್ಟರೆ? ಹುಡುಗಿ ಕಾಲೇಜಿಗೆ ಹೋದಾಗ ನೀಲಿ ಅಂಗಿಯ ಹೊಲಿಗೆ ಬಿಚ್ಚಿ, ಒಳಗೆ ಮಾರ್ಜಿನ್ ಅಂತ ಮಡಿಸಿ ಬಿಟ್ಟಿದ್ದ ಹೆಚ್ಚಿನ ಬಟ್ಟೆಯನ್ನು ಅಷ್ಟಿಷ್ಟೇ ಹೊರಕ್ಕೆ ಸರಿಸಿ, ಏನೂ ಆಗಿಲ್ಲ ಅನ್ನುವ ಹಾಗೆ ಮಡಿಸಿಡುತ್ತಿದ್ದಳು. ಆದರೆ ಮಗಳು ಬೆಳೆದದ್ದೇ ಹೊಲಿಗೆ ಯಂತ್ರದ ಕಾಲಬುಡದಲ್ಲಿ ಎಂಬುದನ್ನು ಮರೆತಿದ್ದಳು.

ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ತಟ್ಟೆ ಇಡುತ್ತಿರುವಾಗ ಹುಡುಗಿ ಒಳಗಿನಿಂದ ಬಂದಳು. ಇಸ್ತ್ರಿ ಮಾಡಲು ಒಳಮಗ್ಗುಲು ತಿರುಗಿಸಿದ್ದ ನೀಲಿ ಅಂಗಿ ಕೈಯಲ್ಲಿತ್ತು. ಬಟ್ಟೆಯಲ್ಲಿ ಸೂಜಿಯ ಹಳೆಯ ತೂತುಗಳು ಸಾಲುಸಾಲಾಗಿ ಉಳಿದಿದ್ದವು.

"ಎಷ್ಟು ಸಲ ಬಿಚ್ಚಿದ್ದೀಯ?"

"ಮೂರು," ಎಂದಳು ತಾಯಿ. ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ.

"ನನಗೆ ಹೇಳ್ದೆ? ಅಂಗಿ ಹಾಗೇ ಹಿಡಿಸ್ತಿದೆ ಅಂತ ನಾನು ಧೈರ್ಯ ತಂದ್ಕೊಂಡು ಊಟ ಮಾಡ್ತಿದ್ದೆ! ನಾನು ಪೊಟ್ಟಣ ಬಚ್ಚಿಡ್ತಿದ್ದೆ, ನೀನು ಹೊಲಿಗೆ ಬಚ್ಚಿಟ್ಟೆ. ಒಳ್ಳೆ ತಾಯಿ, ಒಳ್ಳೆ ಮಗಳು!"

ಬಾಗಿಲು ದಢಾರನೆ ಮುಚ್ಚಿಕೊಂಡಿತು. ಮುಂದಿನದು ಟೈಲರಮ್ಮನಿಗೆ ಗೊತ್ತಿತ್ತು. ಈ ಊಟ ತಪ್ಪಿದರೆ ಸಂಜೆ ಮುಗಿಬೀಳುವುದು, ನಾಳೆ ಶಿಕ್ಷೆ, ನಾಳಿದ್ದು ಮತ್ತೆ ಅದೇ. ಏಳು ತಿಂಗಳ ಕೆಲಸವೆಲ್ಲ ತನ್ನ ಕೈಯಾರೆ ಹಾಳಾಗುವುದಿತ್ತು.

ಬಾಗಿಲು ಬಡಿಯಲಿಲ್ಲ ಅವಳು. ತಟ್ಟೆಗಳನ್ನು ತಂದು ಮುಚ್ಚಿದ ಬಾಗಿಲಿನ ಎದುರು ನೆಲದ ಮೇಲೆ ಇಟ್ಟು ಕೂತಳು. ಚಿಕ್ಕಮ್ಮನೂ ತನ್ನ ತಟ್ಟೆ ಹಿಡಿದು ಬಂದಳು. "ನಾನೂ ಕೂತ್ಕೋತೀನಿ. ಆಮೇಲೆ ಈ ಮಂಡಿನ ಎಬ್ಬಿಸೋ ಜವಾಬ್ದಾರಿ ನಿಮ್ಮದು."

"ತಪ್ಪಾಯ್ತು ಮಗಳೇ," ಎಂದು ಟೈಲರಮ್ಮ ಬಾಗಿಲಿಗೆ ಹೇಳಿದಳು. "ಮೂರು ಸಲ ಹೊರಕ್ಕೆ ಬಿಟ್ಟಿದ್ದು ಮಾತ್ರ ಅಲ್ಲ. ಅದಕ್ಕೆ ಮುಂಚೆ ನಾಲ್ಕು ಸಲ ಒಳಕ್ಕೆ ಹಿಡಿದೆ. ನೀನು ಕರಗ್ತಿರೋದು ನನಗೆ ಕಾಣ್ತಿತ್ತು. ಏನಾಯ್ತು ಅಂತ ನಿನ್ನ ಕೇಳೋಕೆ ಭಯ ಆಯ್ತು, ಅಂಗಿ ಸರಿ ಮಾಡ್ಬಿಟ್ಟೆ. ಈಗ್ಲೂ ಅದೇ ಭಯ. ಇನ್ಮೇಲೆ ಏನಿದ್ರೂ ನಿನ್ನ ಎದುರಿಗೇ."

ಅನ್ನ ಆರತೊಡಗಿತು. ಚಿಕ್ಕಮ್ಮ ಕೂಡ ತುತ್ತು ಎತ್ತಲಿಲ್ಲ, ಅವಳ ಬದುಕಿನಲ್ಲಿ ಇದು ಮೊದಲು.

ಕೊನೆಗೆ ಚಿಲಕ ಸರಿಯಿತು. ಹುಡುಗಿ ಕೆಂಪು ಕಣ್ಣಿನಲ್ಲೇ ಬಂದು ಕೂತು, ತಟ್ಟೆ ಎಳೆದುಕೊಂಡಳು. ಮೊದಲ ತುತ್ತನ್ನು ಬಹಳ ಹೊತ್ತು ಕಲಸಿದಳು. ಅಕ್ಕತಂಗಿ ಇಬ್ಬರೂ ಅದನ್ನು ನೋಡದವರಂತೆ ಚಿಕ್ಕಮ್ಮನ ಮಂಡಿಯ ಬಗ್ಗೆ ಮಾತಾಡಿದರು. ನಿಧಾನವಾಗಿ, ಪೂರ್ತಿಯಾಗಿ, ತಟ್ಟೆ ಖಾಲಿಯಾಯಿತು.

ಕೈ ತೊಳೆದು ಬಂದು ಹುಡುಗಿ ಹೇಳಿದಳು: "ನನಗೆ ಈಗ್ಲೂ ಕನ್ನಡೀಲಿ ದೊಡ್ಡದಾಗೇ ಕಾಣುತ್ತೆ, ಗೊತ್ತಾ? ಆದ್ರೆ ಅದು ಕಾಯಿಲೆ ಕಣ್ಣು ಅಂತಲೂ ಗೊತ್ತು. ಈ ನೀಲಿ ಅಂಗಿ ಬೇಡಮ್ಮ. ಹೊಸದು ಹೊಲಿ. ಅಳತೆ ತಗೋ, ಅಂಕಿ ಮಾತ್ರ ಹೇಳ್ಬೇಡ."

ಹುಡುಗಿ ಕನ್ನಡಿಗೆ ಬೆನ್ನು ಹಾಕಿ ನಿಂತಳು. ಟೈಲರಮ್ಮನಿಗೆ ಅಳತೆ ಕಣ್ಣಲ್ಲೇ ಗೊತ್ತಿತ್ತು. ಆದರೂ ಟೇಪು ಹಿಡಿದಳು, ಈ ಸಲ ತನ್ನ ಸಮಾಧಾನಕ್ಕೆ.

"ಮಾರ್ಜಿನ್ ಎಷ್ಟು ಬಿಡ್ತೀಯ?"

"ಎರಡು ಬೆರಳು. ಎಲ್ಲರಿಗೂ ಬಿಡೋ ಹಾಗೆ."

"ಶಾಲೆ ಮಕ್ಕಳಿಗೆ?"

"ಅವಕ್ಕೆ ನಾಲ್ಕು. ಬೆಳೆಯೋ ಮಕ್ಕಳಲ್ವಾ?"

ಹುಡುಗಿ ತನ್ನ ನಾಲ್ಕು ಬೆರಳು ಜೋಡಿಸಿ ನೋಡಿಕೊಂಡಳು. ಆಮೇಲೆ, "ನನಗೂ ನಾಲ್ಕು ಬಿಡಮ್ಮ" ಎಂದಳು.

ಟೈಲರಮ್ಮ ಸೀಮೆಸುಣ್ಣ ಎತ್ತಿಕೊಂಡು, ಕಣ್ಣೊರೆಸಿಕೊಂಡು, ಮಗಳು ನೋಡುತ್ತಿರುವಂತೆಯೇ ನಾಲ್ಕು ಬೆರಳು ಬಿಟ್ಟು ಗೆರೆ ಎಳೆದಳು.