ಮೂರು ಅಂಕದ ಜಗಳ

ಶೋಭಿತಾ ಹಾಕಿದ್ದ ಮೂರು ಅಂಕವನ್ನು ಹೊಡೆದು, ಪಕ್ಕದಲ್ಲಿ ಹಸಿರು ಇಂಕಿನ ಸೊನ್ನೆ ಬರೆದು, ಲಿಂಗಯ್ಯ ಆ ಉತ್ತರ ಪತ್ರಿಕೆಯನ್ನು ಅವಳ ಮುಂದೆ ಎಸೆದರು.

ಮಂಡ್ಯದ ಮೌಲ್ಯಮಾಪನ ಕೇಂದ್ರದಲ್ಲಿ ಎಸ್ಸೆಸ್ಸೆಲ್ಸಿ ಗಣಿತ ಪತ್ರಿಕೆಗಳನ್ನು ತಿದ್ದುವುದು ನಡೆಯುತ್ತಿತ್ತು. ಶೋಭಿತಾ ಮಳವಳ್ಳಿ ಕಡೆಯ ಹೈಸ್ಕೂಲೊಂದರ ಗಣಿತದ ಮೇಡಂ. ಲಿಂಗಯ್ಯ ಅವಳ ಟೇಬಲ್ಲಿನ ಉಪಮುಖ್ಯ ಮೌಲ್ಯಮಾಪಕರು. ಉಳಿದವರು ಕೆಂಪು ಇಂಕಿನಲ್ಲಿ ತಿದ್ದಿದ್ದರಲ್ಲಿ ಕೆಲವನ್ನು ಆರಿಸಿ ಮತ್ತೆ ನೋಡುವುದು ಅವರ ಕೆಲಸ.

"ಸಾಧಿಸಿ ಅಂತ ಕೇಳವ್ರೆ. ಸಾಧಿಸಿಲ್ಲ. ಮೂರು ಮಾರ್ಕ್ಸ್ ಯಾಕೆ ಮೇಡಂ?"

ಪ್ರಶ್ನೆ ನಾಲ್ಕು ಅಂಕದ್ದು. ABC ತ್ರಿಭುಜದಲ್ಲಿ A ಯಿಂದ BC ಗೆ ಎಳೆದ ಲಂಬ ಅದನ್ನು D ಯಲ್ಲಿ ಸೇರುತ್ತದೆ. BD ಯು CD ಯ ಮೂರರಷ್ಟಿದೆ. 2AB² = 2AC² + BC² ಎಂದು ಸಾಧಿಸಬೇಕು. ಈ ಮಗು ಎರಡೂ ಲಂಬಕೋನ ತ್ರಿಭುಜಗಳಿಗೆ ಪೈಥಾಗೊರಸ್ ಪ್ರಮೇಯ ಹಾಕಿತ್ತು. ಒಂದರಿಂದ ಇನ್ನೊಂದನ್ನು ಕಳೆದು AB² − AC² = 8CD² ಎಂದು ತಂದಿತ್ತು. CD ಯು BC ಯ ಕಾಲುಭಾಗ ಎಂದೂ ಸರಿಯಾಗಿ ಬರೆದಿತ್ತು. ವರ್ಗ ಮಾಡುವಾಗ ಮಾತ್ರ BC ಗೆ ವರ್ಗ ಹಾಕಿ ಕೆಳಗಿನ ನಾಲ್ಕನ್ನು ನಾಲ್ಕಾಗಿಯೇ ಬಿಟ್ಟಿತ್ತು. ಹದಿನಾರು ಆಗಬೇಕಿತ್ತು. ಹಾಗಾಗಿ ಕೊನೆಗೆ ಬಂದದ್ದು AB² = AC² + 2BC². ಬಂದದ್ದನ್ನೇ ಬರೆದು ನಿಲ್ಲಿಸಿತ್ತು.

"ಮೂರು ಹಂತ ಸರಿ ಇದೆ ಸಾರ್. ತಪ್ಪಾಗಿರೋದು ಕೊನೇ ಹಂತ. ಒಂದು ಕಳೆದಿದ್ದೀನಿ."

"ಲೆಕ್ಕ ಆಗಿದ್ರೆ ಸರಿ. ಇದು ಸಾಧನೆ. ತಲುಪಿದ್ರೆ ಉಂಟು, ಇಲ್ದಿದ್ರೆ ಇಲ್ಲ."

"ಕೀ ಆನ್ಸರ್‌ನಲ್ಲಿ ಹಂತ ಹಂತಕ್ಕೂ ಒಂದೊಂದು ಅಂಕ ಅಂತ ಹಾಕವ್ರಲ್ಲ, ಅದನ್ನ ಓದಿದ್ರಾ?"

ಅಕ್ಕಪಕ್ಕದ ಪೆನ್ನುಗಳು ನಿಂತವು. ಲಿಂಗಯ್ಯನವರ ಮುಖ ಕಪ್ಪಿಟ್ಟಿತು. "ಓದಕ್ಕೆ ನನಗೆ ನೀವು ಹೇಳ್ಕೊಡ್ಬೇಡಿ. ಹೋದ ಸಲ ಹಿಂಗೇ ಧಾರಾಳ ಮಾಡಿ ನೋಟಿಸ್ ತಗೊಂಡಿದ್ದು ನಾನು. ನೀವಲ್ಲ."

"ನಿಮ್ಮ ನೋಟಿಸಿಗೆ ಈ ಮಗು ಯಾಕೆ ದಂಡ ಕಟ್ಬೇಕು?"

ಅವಳಿಗೆ ಸಿಟ್ಟು ನೆತ್ತಿಗೇರಿತ್ತು. ಪಕ್ಕದಲ್ಲಿ ಮಂಗಳಮ್ಮ ಮೇಡಂ ತಿದ್ದಿದ್ದ ಕಟ್ಟು ಇತ್ತು. ಅದರಲ್ಲಿ ಅದೇ ಪ್ರಶ್ನೆಗೆ ಲಿಂಗಯ್ಯನವರ ಹಸಿರು ಟಿಕ್ಕು ಬಿದ್ದಿದ್ದ ಪತ್ರಿಕೆಯೊಂದನ್ನು ಹುಡುಕಿ ತೆಗೆದಳು. ಅದೇ ಹಂತಗಳು, ಕೆಳಗೆ ಅದೇ ನಾಲ್ಕು. ಆದರೆ ಮುಂದಿನ ಸಾಲಿನಲ್ಲಿ, ಎಲ್ಲಿಂದ ಬಂತೋ, 2AB² = 2AC² + BC². ಪ್ರಶ್ನೆಯಿಂದ ಇಳಿಸಿದ್ದು. ನಾಲ್ಕಕ್ಕೆ ನಾಲ್ಕು.

"ಇದು ತಲುಪಿದೆಯಾ ಸಾರ್? ಕದ್ದಿದ್ದಕ್ಕೆ ನಾಲ್ಕು, ಕದೀದೆ ಇದ್ದಿದ್ದಕ್ಕೆ ಸೊನ್ನೆ. ಇದಕ್ಕೆ ಸೈನ್ ಹಾಕಿ ಅಂದ್ರೆ ನಾನು ಹಾಕಲ್ಲ."

ಎರಡೂ ಪತ್ರಿಕೆ ಹಿಡಿದು ಅವಳು ಕೇಂದ್ರದ ಮುಖ್ಯಸ್ಥರಾದ ಜಯಪ್ರಕಾಶ್ ಅವರ ಕೋಣೆಗೆ ನಡೆದಳು. ಲಿಂಗಯ್ಯ ಹಿಂದೆಯೇ ಬಂದರು. ಜಯಪ್ರಕಾಶ್ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರು; ಕೀ ಆನ್ಸರ್ ತೆಗೆದು ಇನ್ನೊಮ್ಮೆ ಓದಿದರು.

"ಹಂತಕ್ಕೆ ಅಂಕ. ಇದಕ್ಕೂ ಮೂರು, ಅದಕ್ಕೂ ಮೂರು," ಎಂದರು. "ಲಿಂಗಯ್ಯ, ನಿನ್ನೆಯಿಂದ ಹಿಂಗೇ ಸೊನ್ನೆ ಹಾಕಿಸ್ತಿದ್ದೀರಾ?"

ಲಿಂಗಯ್ಯ ಕೀ ಆನ್ಸರ್ ಎಳೆದುಕೊಂಡು ತಾವೇ ಓದಿದರು.

"ಸೀಲ್ ಒಡೆದು ಆ ಟೇಬಲ್ಲಿನ ಕಟ್ಟೆಲ್ಲಾ ವಾಪಸ್ ತೆಗೀರಿ. ಆ ಒಂದು ಪ್ರಶ್ನೆ ಪೂರ್ತಿ ಮತ್ತೆ ನೋಡಿ."

ಟೇಬಲ್ಲಿಗೆ ಮರಳಿದಾಗ ಯಾರೂ ಶೋಭಿತಾಳ ಜೊತೆ ಮಾತಾಡಲಿಲ್ಲ. ಕೆಲಸ ದುಪ್ಪಟ್ಟಾಗಿತ್ತು, ಭಾರತೀನಗರದ ಕಡೆಯವರಿಗೆ ಸಂಜೆಯ ಬಸ್ಸು ತಪ್ಪುವುದು ಖಂಡಿತವಾಗಿತ್ತು. ಹಸಿರು ಸೊನ್ನೆಗಳು ಒಂದೊಂದಾಗಿ ಎರಡು, ಮೂರು ಆದವು. ಫೇಲಾಗಿದ್ದ ಪತ್ರಿಕೆಯೊಂದು ಪಾಸಾಯಿತು. ಲಿಂಗಯ್ಯ ತುಟಿ ಬಿಗಿದು ತಾವೇ ಹಾಕಿದ್ದನ್ನು ತಾವೇ ಹೊಡೆಯುತ್ತಿದ್ದರು.

ಕೊನೆಗೆ ಅವರು ಆ ಕದ್ದ ಸಾಲಿನ ಪತ್ರಿಕೆಯನ್ನು ಅವಳ ಮುಂದೆ ತಳ್ಳಿದರು. "ತಗೊಳ್ಳಿ. ನಿಮ್ಮ ನ್ಯಾಯ, ನೀವೇ ಮಾಡಿ. ಮೊದಲು ಟೋಟಲ್ ನೋಡ್ಕೊಳ್ಳಿ."

ಅವಳು ಮುಖಪುಟ ನೋಡಿದಳು. ಆ ಮಗು ಸರಿಯಾಗಿ ಗಡಿಯ ಮೇಲೆ ನಿಂತಿತ್ತು. ಒಂದಂಕ ಹೋದರೆ ಫೇಲು.

"ಬುಡು ಶೋಭಿತಾ, ಇದೊಂದು ಅಂಗೇ ಇರ್ಲಿ ಕಣಮ್ಮ," ಎಂದರು ಮಂಗಳಮ್ಮ ಮೆಲ್ಲಗೆ. "ಕೊಟ್ಟಿದ್ದು ನಾನು. ಮಗು ಬಾಯಿಗೆ ಯಾಕೆ ಮಣ್ಣಾಕ್ತೀಯ?"

ಶೋಭಿತಾ ಮೊದಲ ಪುಟದಿಂದ ಪ್ರತಿ ಉತ್ತರವನ್ನೂ ಕೀ ಆನ್ಸರ್ ಪಕ್ಕದಲ್ಲಿಟ್ಟು ತೂಗಿದಳು. ಎಲ್ಲಾದರೂ ಅರ್ಧ ಅಂಕ ತಪ್ಪಿ ಹೋಗಿದೆಯೇ ಎಂದು ಮತ್ತೊಮ್ಮೆ ಹುಡುಕಿದಳು. ಎಲ್ಲೂ ಬಾಕಿ ಇರಲಿಲ್ಲ. ಮಂಗಳಮ್ಮ ನ್ಯಾಯವಾಗಿಯೇ ತಿದ್ದಿದ್ದರು, ಆ ಒಂದು ಸಾಲು ಬಿಟ್ಟು. ಸಿಟ್ಟು ಈಗ ಯಾರ ಮೇಲೆಂದು ಅವಳಿಗೇ ತಿಳಿಯಲಿಲ್ಲ. ಆ ಸಾಲನ್ನು ಇಳಿಸಿಕೊಂಡ ಮಗುವಿನ ಮೇಲೂ, ಉತ್ತರ ಬಂದರೆ ಸಾಕೆಂದು ಅದಕ್ಕೆ ಕಲಿಸಿದವರ ಮೇಲೂ, ಎದುರು ಕುಳಿತು ಅವಳ ಕೈಯನ್ನೇ ನೋಡುತ್ತಿದ್ದ ಲಿಂಗಯ್ಯನವರ ಮೇಲೂ.

ನಾಲ್ಕನ್ನು ಹೊಡೆದು ಮೂರು ಬರೆದಳು. ಟೋಟಲ್ ತಿದ್ದಿ ಸಹಿ ಹಾಕಿದಳು.

"ಮೂರೇ ಹಾಕ್ತೀರ ಅಂದ್ಕೊಂಡಿರ್ಲಿಲ್ಲ," ಎಂದರು ಲಿಂಗಯ್ಯ.

"ನಿನ್ನೇನೇ ಎಲ್ರಿಗೂ ಒಂದೇ ಥರ ಹಾಕಿದ್ರೆ ಇವತ್ತು ಇದನ್ನ ನಾನು ಮಾಡ್ಬೇಕಿರ್ಲಿಲ್ಲ. ಇನ್ನೆಷ್ಟು ಉಳಿದಿವೆ, ಕೊಡಿ," ಎಂದು ಅವಳು ಕೈ ಚಾಚಿದಳು.