ಪೂವಪ್ಪನವರ ಕೆಮ್ಮಣ್ಣಿನ ಅಂಗಿ

ಒಬ್ಬ ಗಣಿತ ಮೇಷ್ಟ್ರ ಮೈಮೇಲಿನಿಂದ ಬಿಳಿ ಅಂಗಿಯನ್ನು ಇಳಿಸಲು ನನಗೆ ಹದಿನೆಂಟು ತಿಂಗಳು ಹಿಡಿದಿತ್ತು. ಅದು ೧೯೮೯ರ ಮಾತು. ಡೊಂಬಿವಲಿಯ ಲೋಕನಾಥ ಮೇಷ್ಟ್ರು ಬಿಳಿ, ನೀಲಿ, ಬೂದು ಬಿಟ್ಟು ಬೇರೆ ಬಟ್ಟೆ ಮುಟ್ಟಿದರೆ ಕೈ ಸುಟ್ಟೀತೆಂಬಂತೆ ಹಿಂದೆ ಸರಿಯುತ್ತಿದ್ದರು. ನಾನು ಬಲವಂತ ಮಾಡಲಿಲ್ಲ. ಮೊದಲು ಅಚ್ಚಬಿಳಿಯ ಬದಲು ಕೆನೆಬಿಳಿ ಹೊಲಿದೆ; ಅವರಿಗೆ ವ್ಯತ್ಯಾಸವೇ ತಿಳಿಯಲಿಲ್ಲ. ಚೌತಿಗೆ ಬೂದು ಪ್ಯಾಂಟಿನ ಬದಲು ಕಂದು ಬೆರೆತ ಬೂದು. ಮರುವರ್ಷ ಮೆಹಂದಿ ಹಸಿರು ಪ್ಯಾಂಟು, ಅದರ ಮೇಲೆ ಅವರಿಗೆ ಒಗ್ಗಿಹೋಗಿದ್ದ ಅದೇ ಕೆನೆಬಿಳಿ ಅಂಗಿ. ಕೊನೆಗೊಮ್ಮೆ ಶಾಲೆಯ ವಾರ್ಷಿಕೋತ್ಸವದ ದಿನ ಅವರು ಮಾಸಲು ಇಟ್ಟಿಗೆ ಬಣ್ಣದ ಅಂಗಿ ತೊಟ್ಟು ವೇದಿಕೆ ಹತ್ತಿದರು. ಯಾರೂ ನಗಲಿಲ್ಲ. ಮುಂದಿನ ವಾರ ಅದೇ ಶಾಲೆಯ ಇನ್ನೂ ಮೂವರು ಮೇಷ್ಟ್ರು ನನ್ನ ಅಂಗಡಿಯ ಮೆಟ್ಟಿಲು ಹತ್ತಿದರು.

ಡೊಂಬಿವಲಿ ಪೂರ್ವದ ನನ್ನ ಹೊಲಿಗೆ ಅಂಗಡಿಗೆ ಈಗ ಮೊಮ್ಮಗಳು ಮಾನಸಿ ಬರುತ್ತಾಳೆ. ಉಡುಪಿನ ವಿನ್ಯಾಸ ಓದಿದವಳು. ಈ ಕಥೆಯನ್ನು ನಾನು ಅರ್ಧ ಹೇಳುವಷ್ಟರಲ್ಲಿ ಅವಳ ಕಣ್ಣು ಮೊಬೈಲಿಗೆ ಜಾರಿರುತ್ತದೆ.

"ಅಜ್ಜ, ಬಸ್ ಕರೋ, ಸಾಕು. ಹದಿನೆಂಟು ತಿಂಗಳಾ? ಈಗ ಜನ ಹದಿನೆಂಟು ಸೆಕೆಂಡ್ ನಿಲ್ಲೋದಿಲ್ಲ."

ಈ ವರ್ಷ ಕಣ್ಣಿನ ಪೊರೆ ತೆಗೆಸಿಕೊಂಡು ನಾನು ಠಾಣೆಯ ವರ್ತಕ ನಗರದಲ್ಲಿ ಮಗಳ ಮನೆಯಲ್ಲಿ ಎರಡು ವಾರ ಉಳಿದೆ. ಅಷ್ಟರಲ್ಲಿ ಪೂವಪ್ಪನವರು ಅಂಗಡಿಗೆ ಬಂದು ಹೋಗಿದ್ದರು. ಕೋಪರಖೈರಣೆಯಲ್ಲಿ ಅವರದು ಸಸ್ಯಾಹಾರಿ ಹೋಟೆಲು. ಮೂವತ್ತು ವರ್ಷಗಳಿಂದ ನನ್ನಲ್ಲಿ ಬಿಳಿ ಅಂಗಿಯನ್ನೇ ಹೊಲಿಸುತ್ತಿರುವ ಗಿರಾಕಿ. ಹೋಟೆಲನ್ನು ಹೊಸದಾಗಿ ಕಟ್ಟಿಸಿದ್ದರು. ಒಳಗಿನ ಅಂದಚಂದವೆಲ್ಲ ಮಗಳು ಜ್ಯೋತ್ಸ್ನಾಳದು. ಗೋಡೆಗೆ ಮಣ್ಣಿನ ಬಣ್ಣ ಬಳಿಸಿದ ಆಕೆ ತಂದೆಗೆ ಒಂದೇ ಶರತ್ತು ಹಾಕಿದ್ದಳು: ಆರಂಭದ ದಿನ ಅಪ್ಪ ಬಾಗಿಲಲ್ಲಿ ಬಿಳಿ ಅಂಗಿಯಲ್ಲಿ ನಿಲ್ಲಬಾರದು. ನಾನಿಲ್ಲದಾಗ ಮಾನಸಿಯೇ ಕಂಪ್ಯೂಟರಿನಲ್ಲಿ ಬಣ್ಣ ಆರಿಸಿ ಅವರಿಗೆ ಒಂದು ಜೊತೆ ಬಟ್ಟೆ ಹೊಲಿಸಿಕೊಟ್ಟಿದ್ದಳು.

ನಾನು ಮರಳಿದ ಮರುದಿನವೇ ಪೂವಪ್ಪನವರು ಒಂದು ಚೀಲವನ್ನು ತಂದು ಗಲ್ಲಾದ ಮೇಲೆ ಎಸೆದರು.

"ದೇಜಪ್ಪಣ್ಣ, ಇದನ್ನು ನೀವೇ ಹಾಕ್ಕೊಳ್ಳಿ. ನಿಮ್ಮ ಪುಳ್ಳಿ, ಈ ಮಾನಸಿ, ನನ್ನನ್ನು ಸಪ್ಲೈಯರ್ ಮಾಡಿಟ್ಟಳು."

ಚೀಲದಲ್ಲಿ ಕಂದು ಅಂಗಿ, ಕಂದು ಪ್ಯಾಂಟು. ಒಂದೇ ಛಾಯೆ, ಒಂದೇ ನಯದ ಬಟ್ಟೆ. ಹಿಂದಿನ ದಿನ ಠಾಣೆಯ ಮದುವೆಯೊಂದಕ್ಕೆ ಅದನ್ನು ತೊಟ್ಟು ಹೋಗಿದ್ದರಂತೆ. ಊಟದ ಹಾಲ್‌ನಲ್ಲಿ ಯಾರೋ ಬೆರಳು ಚಿಟಿಕೆ ಹೊಡೆದು, "ಏ ಭಾವೂ, ಇಕಡೇ ದೋನ್ ಪಾಣಿ" ಎಂದು ಇವರಿಗೇ ಎರಡು ಲೋಟ ನೀರು ತರಲು ಹೇಳಿದರಂತೆ.

ಮಾನಸಿಯ ಮುಖ ಸಣ್ಣದಾಯಿತು. "ಅಂಕಲ್, ಸಾರಿ. ಕಂಪ್ಯೂಟರಿನಲ್ಲಿ ತುಂಬ ಚೆನ್ನಾಗಿ ಕಂಡಿತ್ತು."

"ನಿನ್ನ ಕಂಪ್ಯೂಟರು ಹೋಟೆಲಿನಲ್ಲಿ ಟೇಬಲ್ ಒರೆಸಿದ್ದುಂಟಾ ಮಗಾ?" ಎಂದ ಅವರು ನನ್ನ ಕಡೆ ತಿರುಗಿದರು. "ಹನ್ನೆರಡು ವರ್ಷಕ್ಕೆ ಭಿವಂಡಿಯ ಹೋಟೆಲಿಗೆ ಕ್ಲೀನರ್ ಆಗಿ ಬಂದವ ನಾನು. ಇದೇ ಮಣ್ಣಿನ ಬಣ್ಣದ ಚಡ್ಡಿ, ಇದೇ ಮಣ್ಣಿನ ಬಣ್ಣದ ಅಂಗಿ. ಗಲ್ಲಾದಲ್ಲಿ ಕೂತ ದಣಿ ಮಾತ್ರ ಬಿಳಿ. ಆ ಬಿಳಿಗೆ ಬರಲಿಕ್ಕೆ ನನಗೆ ಇಪ್ಪತ್ತೆರಡು ವರ್ಷ ಬೇಕಾಯ್ತು. ಈಗ ಅದನ್ನು ಬಿಚ್ಚು ಅಂದರೆ? ಜ್ಯೋತ್ಸ್ನಾಳಿಗೆ ಹೇಳಿಬಿಡ್ತೇನೆ, ಬಾಗಿಲಲ್ಲಿ ನಾನು ನಿಲ್ಲುವುದೇ ಇಲ್ಲ."

ಐವತ್ತೆರಡು ವರ್ಷ ಕತ್ತರಿ ಹಿಡಿದ ನನಗೆ ಗಂಡಸರ ಈ ಭಯ ಹೊಸದಲ್ಲ. ಬಣ್ಣಕ್ಕೆ ಹೆದರುತ್ತೇವೆಂದು ಅವರು ಬಾಯಿಬಿಟ್ಟು ಹೇಳುವುದಿಲ್ಲ. ವಯಸ್ಸು, ಆಫೀಸು, ಲೋಕಲ್ ಟ್ರೇನಿನ ಗೆಳೆಯರ ತಮಾಷೆ ಎನ್ನುತ್ತಾರೆ. ಆದರೆ ಪೂವಪ್ಪನವರ ಭಯಕ್ಕೆ ಬೇರು ಇತ್ತು. ಹಾಗೆಂದು ಸೋಲೊಪ್ಪುವ ಜಾಯಮಾನ ನನ್ನದಲ್ಲ.

"ಪೂವಪ್ಪ, ಬಾಗಿಲ ಹತ್ತಿರ ಬನ್ನಿ."

"ಯಾಕೆ, ಹೊರಗೆ ಹಾಕ್ಲಿಕ್ಕಾ?"

"ಬೆಳಕಿಗೆ. ಟ್ಯೂಬ್‌ಲೈಟಿನಲ್ಲಿ ಬಣ್ಣ ನೋಡುವವನಿಗೆ ನಾನು ಬಟ್ಟೆ ತೋರಿಸುವುದಿಲ್ಲ."

ಬಾಗಿಲಲ್ಲಿ ಕನ್ನಡಿ ನಿಲ್ಲಿಸಿ ಆ ಕಂದು ಬಟ್ಟೆಯನ್ನು ಅವರ ಗಲ್ಲದ ಕೆಳಗೆ ಹಿಡಿದೆ. ಕಣ್ಣಿನ ಕೆಳಗಿನ ಕಪ್ಪು ಇನ್ನಷ್ಟು ಕಪ್ಪಾಯಿತು; ಮುಖ ಜ್ವರದಿಂದ ಎದ್ದಂತೆ ಕಂಡಿತು. "ನೋಡು ಮಾನಸಿ, ಬಣ್ಣ ಕೆಟ್ಟದ್ದಲ್ಲ, ಈ ಮುಖಕ್ಕೆ ಅದು ಹೊಂದುವುದಿಲ್ಲ. ಎರಡನೆಯದಾಗಿ, ಮೇಲೆ ಕೆಳಗೆ ಒಂದೇ ಬಟ್ಟೆ ಹಾಕಿಸಿದರೆ ಯಾರ ಮೈಮೇಲಾದರೂ ಅದು ಸಮವಸ್ತ್ರವೇ."

ಆಮೇಲೆ ಕಪಾಟಿನಿಂದ ಲಿನನ್ ನಾರು ಬೆರೆಸಿದ ಹತ್ತಿಯ ತುಂಡೊಂದನ್ನು ತೆಗೆದೆ. ಹೊಳಪಿಲ್ಲದ, ಎಳೆ ಎಳೆಯಾಗಿ ಕಾಣುವ, ಮಾಸಲು ಕೆಮ್ಮಣ್ಣಿನ ಬಣ್ಣ. ಗಲ್ಲದ ಕೆಳಗೆ ಹಿಡಿದೆ. ಕಪ್ಪು ಕೆನ್ನೆಗೆ ರಕ್ತ ಬಂದಂತಾಯಿತು.

"ಇದೂ ಮಣ್ಣೇ ಅಲ್ವಾ ದೇಜಪ್ಪಣ್ಣ?" ಎಂದರು. ದನಿ ಸ್ವಲ್ಪ ತಗ್ಗಿತ್ತು.

"ಮಣ್ಣೇ. ಪ್ಯಾಂಟು ಮಾತ್ರ ನಿಮ್ಮದೇ ಹಳೆಯ ಕಡುನೀಲಿ. ಒಂದು ಕಾಲು ಪರಿಚಿತ ನೆಲದ ಮೇಲಿರಲಿ. ಮಿಕ್ಕವರಿಗಾದರೆ ನಾನು ಬಣ್ಣವನ್ನು ಪ್ಯಾಂಟಿನಿಂದ ಸುರು ಮಾಡಿ ಮೆಲ್ಲಗೆ ಮುಖದ ಹತ್ತಿರಕ್ಕೆ ತರುತ್ತೇನೆ. ಆರಂಭಕ್ಕೆ ಹದಿನೈದೇ ದಿನ ಉಳಿದಿದೆ, ನಿಮಗೆ ಆ ಸಾವಕಾಶ ಇಲ್ಲ."

"ಆ ದಿನವೂ ಯಾರಾದರೂ ನೀರು ಕೇಳಿದರೆ?"

"ಕೊಡಿ. ಹೋಟೆಲಿನವನಿಗೆ ನೀರು ಕೊಡಲು ನಾಚಿಕೆಯೇ? ಬಿಳಿ ಅಂಗಿ ನಿಮ್ಮನ್ನು ದಣಿ ಮಾಡಲಿಲ್ಲ. ನೀವೇ ಆದದ್ದು."

ಅವರು ಕನ್ನಡಿಯೆದುರು ನಿಂತು, ಬಟ್ಟೆಯನ್ನು ತಾವೇ ಕೈಯಲ್ಲಿ ಹಿಡಿದರು. ಇಳಿಸಿದರು, ಮತ್ತೆ ಹಿಡಿದರು. ಆಮೇಲೆ ತಟ್ಟನೆ, "ಹೊಲಿಯಿರಿ. ಜತೆಗೆ ಸಪ್ಲೈಯರು, ಕ್ಲೀನರು ಸೇರಿ ಹದಿನಾಲ್ಕು ಜನಕ್ಕೆ ಅಂಗಿ. ಎಲ್ಲ ಬಿಳಿ" ಎಂದರು.

ನಾನು ಕನ್ನಡಕ ತೆಗೆದೆ. "ಬಿಳಿಯಾ? ಸಾಂಬಾರು, ಅರಸಿನ, ಎಣ್ಣೆ... ಒಂದೇ ದಿನದಲ್ಲಿ ಹಾಳು, ಮಾರಾಯ್ರೆ."

"ಹಾಳಾಗಲಿ. ತೊಳೆಸುವವ ನಾನು. ನನ್ನ ಹೋಟೆಲಿನಲ್ಲಿ ಬಿಳಿಗೆ ಯಾರೂ ಇಪ್ಪತ್ತೆರಡು ವರ್ಷ ಕಾಯುವುದು ಬೇಡ."

ಆರಂಭದ ದಿನ ನಾವಿಬ್ಬರೂ ಕೋಪರಖೈರಣೆಗೆ ಹೋದೆವು. ಮಣ್ಣಿನ ಗೋಡೆಯ ಎದುರು ಕೆಮ್ಮಣ್ಣಿನ ಅಂಗಿಯ ಪೂವಪ್ಪನವರು ನೆಟ್ಟಗೆ ನಿಂತಿದ್ದರು, ಪಕ್ಕದಲ್ಲಿ ಜ್ಯೋತ್ಸ್ನಾ. ಬಿಳಿಯುಟ್ಟ ಸಪ್ಲೈಯರುಗಳು ಒಳಗೆ ಓಡಾಡುತ್ತಿದ್ದರು. ಅವರ ಹಳೆಯ ಗೆಳೆಯ ಮುಂಡಪ್ಪ ಒಬ್ಬ ಸಪ್ಲೈಯರನಿಗೆ ಕೈಮುಗಿದು "ದಣಿ ಎಲ್ಲಿದ್ದಾರೆ?" ಎಂದು ಕೇಳಿ, ಬಳಿಕ ಪೂವಪ್ಪನವರನ್ನು ಕಂಡು ಹುಬ್ಬೇರಿಸಿದರು. "ಎಂತದು ಮಾರಾಯ, ಈ ಪ್ರಾಯದಲ್ಲಿ ಹೀರೋ ಆಗ್ಲಿಕ್ಕೆ ಹೊರಟದ್ದಾ?"

"ಹೌದು. ನಿನಗೆ ಎಂತಾದರೂ ತೊಂದರೆ ಉಂಟಾ?" ಎಂದರು ಪೂವಪ್ಪನವರು.

ಸ್ವಲ್ಪ ಹೊತ್ತಿನಲ್ಲಿ ಮೂಲೆಯ ಟೇಬಲಿನಿಂದ ಅಪರಿಚಿತರೊಬ್ಬರು ಅವರ ಕಡೆಗೇ ಕೈಯೆತ್ತಿದರು. "ಕಾಕಾ, ಪಾಣಿ!" ಜ್ಯೋತ್ಸ್ನಾ ಹೆಜ್ಜೆ ಮುಂದಿಟ್ಟಳು. ಮಾನಸಿ ನನ್ನ ತೋಳು ಹಿಡಿದಳು. ಪೂವಪ್ಪನವರು ಮಗಳನ್ನು ಕೈಯಿಂದ ತಡೆದು, ತಾವೇ ಎರಡು ಲೋಟ ನೀರು ತಂದು ಟೇಬಲಿನ ಮೇಲಿಟ್ಟರು. ಮತ್ತೆ ಬಾಗಿಲಿಗೆ ಬಂದು, ಅಂಗಿಯ ಕಾಲರು ಸರಿಮಾಡಿಕೊಂಡು, ಮೊದಲಿಗಿಂತ ನೆಟ್ಟಗೆ ನಿಂತರು.

ಹಿಂತಿರುಗುವಾಗ ಠಾಣೆಯಲ್ಲಿ ಗಾಡಿ ಬದಲಾಯಿಸಿ ಕುಳಿತೆವು. ಮಾನಸಿಯ ಮೊಬೈಲಿನಲ್ಲಿ ಹೊಸ ಗಿರಾಕಿಯ ಸಂದೇಶ ಬಂದಿತ್ತು. ಕಲ್ಯಾಣದ ಯೋಗೀಶ್, ಬ್ಯಾಂಕಿನವನು. ಕಪಾಟಿನಲ್ಲಿ ಹನ್ನೊಂದು ನೀಲಿ ಅಂಗಿಗಳಿವೆ, ಬೇರೆ ಬಣ್ಣ ತೊಡಲು ಹೆದರಿಕೆಯಾಗುತ್ತದೆ ಎಂದು ಬರೆದಿದ್ದನಂತೆ. ಉತ್ತರ ಬರೆಯಲು ಹೋದವಳು ನಿಲ್ಲಿಸಿ, ಮೊಬೈಲನ್ನು ಚೀಲಕ್ಕೆ ಹಾಕಿದಳು.

"ಅಜ್ಜ, ಆ ಗಣಿತದ ಮೇಷ್ಟ್ರಿಗೆ ಮೊದಲು ಕೆನೆಬಿಳಿ ಅಲ್ವಾ? ಆಮೇಲೆ ಯಾವುದು? ಸುರುವಿಂದ ಇನ್ನೊಮ್ಮೆ ಹೇಳಿ ನಾ."