ನಲವತ್ತೊಂದನೆಯ ನಿಮಿಷದ ನಗು

ಬಿಡುಗಡೆಗೆ ಮುಂಚೆ ಸಿನಿಮಾವನ್ನು ನೂರು ಜನರಿಗೆ ಪುಕ್ಕಟೆ ತೋರಿಸಿ, ಅವರು ಎಲ್ಲಿ ಬೆಚ್ಚಿದರು, ಎಲ್ಲಿ ಆಕಳಿಸಿದರು ಎಂದು ಅಳೆದು ಹೇಳುವ ಕಚೇರಿ ಅದು. ಕೆಳಗೆ ನೂರು ಕುರ್ಚಿಯ ಹಾಲ್, ಮೇಲೆ ಎರಡು ಕೋಣೆ. ಪರದೆಯ ಅಡಿಯಲ್ಲಿ ಕತ್ತಲಲ್ಲೂ ಮುಖ ಕಾಣುವ ಕ್ಯಾಮೆರಾ. ಸಾಫ್ಟ್‌ವೇರ್ ಆ ಮುಖಗಳನ್ನು ನೋಡಿ ಭಯ, ನಗು, ಬೇಸರ ಎಂದು ಒಂದೊಂದಕ್ಕೆ ಚೀಟಿ ಹಚ್ಚುತ್ತಿತ್ತು. ಚೀಟಿಗಳನ್ನು ಕೂಡಿಸಿ ಗೆರೆ ಎಳೆಯುವವಳನ್ನು ಎಲ್ಲರೂ ಗ್ರಾಫಮ್ಮ ಎನ್ನುತ್ತಿದ್ದರು. ಅವಳಿಗಿನ್ನೂ ಮೂವತ್ತೆರಡು. ಅಮ್ಮ ಎನ್ನಿಸಿಕೊಳ್ಳುವುದು ಅಭ್ಯಾಸವಾಗಿತ್ತು.

ನಿನ್ನೆ ತೋರಿಸಿದ್ದು ಹೆದರಿಸುವ ಸಿನಿಮಾ. ನಲವತ್ತೊಂದನೆಯ ನಿಮಿಷದಲ್ಲಿ ನಾಯಕಿ ಕೋಣೆಯ ಒಳಗಿರುತ್ತಾಳೆ, ಹೊರಗಿನಿಂದ ಯಾರೋ ಬೀಗದಲ್ಲಿ ಕೀಲಿ ತಿರುವುತ್ತಾರೆ. ಅಲ್ಲಿ ಹೆಚ್ಚುಕಡಿಮೆ ಎಲ್ಲ ಮುಖಕ್ಕೂ ‘ಭಯ’ ಬಿದ್ದಿತ್ತು. ಎಫ್ ಸಾಲಿನ ಒಂಬತ್ತನೆಯ ಕುರ್ಚಿಗೆ ಮಾತ್ರ ‘ನಗು’.

ಮುಖಗಳ ಚಿತ್ರವನ್ನು ಎಣಿಕೆ ಮುಗಿದ ದಿನವೇ ಅಳಿಸಬೇಕೆಂಬುದು ನಿಯಮ. ನಿಯಮ ಬರೆದವಳು ಅವಳೇ. ಆದರೂ ಸಾಫ್ಟ್‌ವೇರ್ ಎಡವಿತೋ ಏನೋ ಎಂದು ಪರೀಕ್ಷಿಸಲು ಆ ಹನ್ನೆರಡು ಸೆಕೆಂಡನ್ನು ಕತ್ತರಿಸಿ, ಕಚೇರಿಯವರೂ ಸಿನಿಮಾದವರೂ ಬಳಸುವ ಫೋಲ್ಡರಿನಲ್ಲಿ ಇಟ್ಟು, ‘ಪರಿಶೀಲನೆಗೆ’ ಎಂದು ಹೆಸರು ಕೊಟ್ಟು ಮನೆಗೆ ಹೋಗಿದ್ದಳು. ಬೆಕ್ಕಿನ ಮುಂದೆ ಹಾಲಿಟ್ಟು ‘ಇದು ನಾಳೆಗೆ’ ಎಂದು ಬರೆದಂತೆ.

ಮಧ್ಯಾಹ್ನ ಮೂರು ಗಂಟೆಗೆ ಸಿನಿಮಾದ ಪ್ರಚಾರದವನು ಒಳಗೆ ಇಣುಕಿದ. “ಗ್ರಾಫಮ್ಮ, ನಿಮ್ಮ ಕೈಗೆ ಬಂಗಾರದ ಬಳೆ ಹಾಕ್ಬೇಕು ಕಣ್ರೀ. ಎಲ್ಲರೂ ನಡುಗುವಾಗ ಒಬ್ಬಳು ನಗ್ತಾಳೆ. ನೋಡಿದ್ರೇನೇ ಮೈ ಜುಂ ಅನ್ನುತ್ತೆ. ನಾಲ್ಕಕ್ಕೆ ನೆಟ್‌ಗೆ ಬಿಡ್ತೀನಿ.”

“ಯಾವುದನ್ನ?”

“ನೀವೇ ಇಟ್ಟಿದ್ರಲ್ಲ, ಅದನ್ನ. ನಮ್ಮ ಮೂರು ಜನಕ್ಕೆ ಒಪ್ಪಿಗೆಗೆ ಕಳಿಸೂ ಆಯ್ತು.”

ಅವಳು ಬಾಯಿ ತೆರೆಯುವಷ್ಟರಲ್ಲಿ ಮೇಜಿನ ಫೋನು ಹೊಡೆದುಕೊಂಡಿತು. ಕೆಳಗಿನ ಬಾಗಿಲಿನ ಕಾವಲುಗಾರ. “ಮೇಡಂ, ನಿನ್ನೆ ಸಿನಿಮಾ ನೋಡಿದ ಹೆಂಗಸೊಬ್ರು ಬಂದಿದ್ದಾರೆ. ಕ್ಯಾಮೆರಾ ಬಗ್ಗೆ ಕೇಳ್ತಿದ್ದಾರೆ. ಹೋಗಿ ಅಂದ್ರೆ ಹೋಗ್ತಿಲ್ಲ.”

ಹೆಂಗಸು ಹಾಲಿನ ಬಾಗಿಲ ಬಳಿ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ರಸ್ತೆ ಕಾಣುವ ಹಾಗೆ ನಿಂತಿದ್ದಳು. ಎಡಗೈ ಕಿರುಬೆರಳು ಮುರಿದು ಕೂಡಿದ್ದು, ಹೊರಕ್ಕೆ ಬಾಗಿತ್ತು. ಆ ಬೆರಳನ್ನು ಗ್ರಾಫಮ್ಮ ಬೆಳಿಗ್ಗೆಯಷ್ಟೇ ಪರದೆಯ ಮೇಲೆ ನೋಡಿದ್ದಳು, ಬಿಗಿದ ತುಟಿಯ ಪಕ್ಕದಲ್ಲಿ.

“ಅಕ್ಕ, ನಿನ್ನೆ ಪರದೆ ಕೆಳಗೆ ಕೆಂಪಗೆ ಚುಕ್ಕೆಗಳು ಕಾಣ್ತಿದ್ವು. ನಾನು ಜೊತೆಯವಳು ಕರೆದ್ಲು ಅಂತ ಬಂದೆ. ಒಂದು ಕಾಗದ ಕೊಟ್ರು, ಸಹಿ ಹಾಕ್ದೆ. ಸಾಲು ನಿಂತಿತ್ತು ಹಿಂದೆ, ಪೂರ್ತಿ ಓದಲಿಲ್ಲ. ರಾತ್ರಿಯೆಲ್ಲ ಅದೇ ಯೋಚನೆ. ನನ್ನ ಮುಖ ಎಲ್ಲಿಗೂ ಹೋಗಲ್ಲ ತಾನೆ?”

ಗ್ರಾಫಮ್ಮ ಒಮ್ಮೆ ಮೆಟ್ಟಿಲ ಕಡೆ ನೋಡಿದಳು.

“ಯಾಕೆ ಕೇಳ್ತಿದ್ದೀರಿ?”

“ನಾನಿರೋ ಊರು ನನ್ನ ಗಂಡನಿಗೆ ಗೊತ್ತಿಲ್ಲ.” ಹೆಂಗಸು ಮೆಲ್ಲಗೆ ಹೇಳಿದಳು. “ಗೊತ್ತಾಗಬಾರದು.”

ಕುರ್ಚಿಗಳ ಒರಗಿನ ಮೇಲ್ತುದಿಯಲ್ಲೆಲ್ಲ ಹಾಲಿನ ಹೆಸರು ಹೊಲಿದಿತ್ತು. ಆ ಹನ್ನೆರಡು ಸೆಕೆಂಡಿನಲ್ಲಿ ಅವಳ ತಲೆಯ ಮೇಲ್ಗಡೆ ಅದು ಕಾಣುತ್ತಿತ್ತು, ಓದುವಷ್ಟು ಸ್ಪಷ್ಟವಾಗಿ. ಮುಖವೂ ಅದರಲ್ಲೇ, ವಿಳಾಸವೂ ಅದರಲ್ಲೇ.

“ಇಲ್ಲೇ ಇರಿ,” ಎಂದು ಗ್ರಾಫಮ್ಮ ಮೆಟ್ಟಿಲು ಹತ್ತಿದಳು. ಎರಡು ಮೆಟ್ಟಿಲು ಒಂದೇ ಸಲಕ್ಕೆ ದಾಟಿದಳು. ಗಡಿಯಾರದಲ್ಲಿ ಮೂರೂ ಕಾಲು.

“ಅದನ್ನ ಬಿಡೋ ಹಾಗಿಲ್ಲ.”

“ಸಹಿ ಹಾಕಿದ್ದಾಳಲ್ಲ?” ಪ್ರಚಾರದವನು ಪರದೆಯಿಂದ ಕಣ್ಣು ತೆಗೆಯಲಿಲ್ಲ.

ಅವಳು ಕಾಗದ ತಂದು ಅವನ ಮುಂದೆ ಹಿಡಿದಳು. ‘ಮುಖಭಾವವನ್ನು ಒಟ್ಟು ಎಣಿಕೆಗೆ ಮಾತ್ರ’ ಎಂದಿತ್ತು. “ಎಣಿಸೋಕೆ ಒಪ್ಪಿದ್ದಾರೆ. ತೋರಿಸೋಕಲ್ಲ. ನಾನು ಇಟ್ಟುಕೊಂಡಿದ್ದೇ ತಪ್ಪು.”

“ಮುಖ ಮಸುಕು ಮಾಡಿದ್ರಾಯ್ತು ಬಿಡಿ.”

“ಬೆರಳು? ಕೂತ ರೀತಿ? ಹುಡುಕ್ತಿರೋನಿಗೆ ಮುಖವೇ ಬೇಕಂತಿಲ್ಲ. ಮತ್ತೆ ಅವರು ನಗ್ತಿಲ್ಲ. ಹೆದರಿ ಹಲ್ಲು ಕಚ್ಚಿದ್ದಾರೆ, ತುಟಿ ಎರಡೂ ಕಡೆ ಎಳೆದಿದೆ. ಸಾಫ್ಟ್‌ವೇರ್‌ಗೆ ತುಟಿ ಕಾಣುತ್ತೆ, ಮನಸ್ಸು ಕಾಣಲ್ಲ. ಅವರ ಗಂಡ ಅವರನ್ನ ಹುಡುಕ್ತಿದ್ದಾನೆ.”

ಅವನ ಕೈ ನಿಂತಿತು. ತಮಾಷೆಯ ಮನುಷ್ಯ, ಕೆಟ್ಟವನಲ್ಲ. ನಾಲ್ಕು ಗಂಟೆಗೆ ಹೋಗಬೇಕಿದ್ದುದನ್ನು ರದ್ದು ಮಾಡಿ, ತನ್ನ ಪ್ರತಿಯನ್ನೂ ಅಳಿಸಿದ. “ಆದ್ರೆ ಮೂರು ಜನಕ್ಕೆ ಹೋಗಿದೆಯಲ್ರೀ.”

ಕಳಿಸಿದ್ದನ್ನು ಮೂವರ ಫೋನಿನಿಂದಲೂ ಅಳಿಸುವ ಗುಂಡಿ ಒತ್ತಿದ. ಮೊದಲಿನವನು ಫೋನೆತ್ತಿದ. ನೋಡಿದ್ದ, ಬೇರೆಯವರಿಗೆ ಕಳಿಸಿರಲಿಲ್ಲ. ಎರಡನೆಯವಳೂ ನೋಡಿದ್ದಳು, ಫೋನಿನಲ್ಲಿ ಉಳಿದಿದ್ದ ಪ್ರತಿಯನ್ನು ಅವರೆದುರೇ ವಿಡಿಯೋ ಕರೆಯಲ್ಲಿ ಅಳಿಸಿ ತೋರಿಸಿದಳು. ಮೂರನೆಯವನ ಫೋನು ಆರಿಹೋಗಿತ್ತು. ಅವನ ಹೆಸರಿನ ಮುಂದೆ ಒಂದೇ ಟಿಕ್ ಗುರುತು ಇತ್ತು, ಸಂದೇಶ ತಲುಪಿಲ್ಲ ಎಂದು. ಈಗ ಆ ಜಾಗದಲ್ಲಿ ‘ಅಳಿಸಲಾಗಿದೆ’ ಎಂದಿತ್ತು.

“ತಲುಪೋಕೆ ಮುಂಚೆ ಅಳಿಸಿದ್ರೆ ಹೋಗಲ್ಲ ಅಲ್ವಾ?” ಅವನೇ ಕೇಳಿದ, ಪ್ರಚಾರದವನು, ಫೋನಿನಲ್ಲೇ ಹುಟ್ಟಿ ಬೆಳೆದವನು.

“ಹೋಗಬಾರದು,” ಎಂದಳು.

ಪ್ರಚಾರದವನು ಕುರ್ಚಿಯಲ್ಲಿ ಹಿಂದಕ್ಕೆ ಬಿದ್ದ. “ಈಗ ನಾಲ್ಕಕ್ಕೆ ನಾನು ಏನು ಬಿಡ್ಲಿ, ನನ್ನ ಮುಖಾನಾ?”

ಅವಳು ಗೆರೆಯನ್ನು ತೋರಿಸಿದಳು. ಇಡೀ ಹಾಲಿನದು, ನಿಮಿಷಕ್ಕೊಂದು ಚುಕ್ಕೆ. ನಲವತ್ತೊಂದರಲ್ಲಿ ಗೋಡೆಯ ಹಾಗೆ ಎದ್ದು ನಿಂತಿತ್ತು. “ಇದನ್ನ ಬಿಡಿ. ಇದರಲ್ಲಿ ಯಾರೂ ಇಲ್ಲ, ಎಲ್ಲರೂ ಇದ್ದಾರೆ. ಸಾಲಿನ ಪ್ರಕಾರ, ವಯಸ್ಸಿನ ಪ್ರಕಾರ ಒಡೆದು ಕೊಡು ಅನ್ನಬೇಡಿ. ಹತ್ತು ಜನಕ್ಕಿಂತ ಚಿಕ್ಕ ಗುಂಪಿಗೆ ಅಂಕಿಯನ್ನೇ ಕೊಡಲ್ಲ. ಒಬ್ಬರೇ ಇರೋ ಗುಂಪು ಗುಂಪಲ್ಲ, ಅದು ಆ ಒಬ್ಬರೇ.”

ಕೆಳಗಿದ್ದವಳನ್ನು ಮೇಲೆ ಕರೆತಂದು ಕೂರಿಸಿ, ನಡೆದದ್ದನ್ನು ಹೇಳಿದಳು. ಮೂವರಿಗೆ ಹೋಗಿತ್ತು. ಇಬ್ಬರು ನೋಡಿದ್ದಾರೆ. ಅಳಿಸಿದ್ದೇವೆ. ಯಾರೂ ಪ್ರತಿ ಇಟ್ಟಿಲ್ಲ ಎಂದು ಆಣೆ ಇಡಲಾರೆ. ಪ್ರಚಾರದವನು ಬಾಗಿಲಲ್ಲಿ ನಿಂತು ನೆಲ ನೋಡುತ್ತಿದ್ದ.

ಹೆಂಗಸು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಅಳಿಸೋದನ್ನ ನಾನು ನೋಡಬೇಕು,” ಎಂದಳು.

ಗ್ರಾಫಮ್ಮ ರಾತ್ರಿ ಕಂಪ್ಯೂಟರಿನಲ್ಲಿ ತಾನಾಗಿಯೇ ಆದ ನಕಲನ್ನು ಮೊದಲು ಅಳಿಸಿ, ಮೂಲ ತುಣುಕಿಗೆ ಬಂದಳು. ಅಳಿಸುವ ಮುಂಚೆ ಒಂದು ಕ್ಷಣ ಮುಖ ಪರದೆಯ ಮೇಲೆ ನಿಂತಿತು, ಮೇಲೆ ‘ನಗು’ ಎಂಬ ಹಸಿರು ಚೀಟಿ.

“ಇದೇನು?”

“ಯಂತ್ರದ ತಪ್ಪು. ನೀವು ನಕ್ಕಿರಿ ಅಂದ್ಕೊಂಡಿದೆ.”

ಹೆಂಗಸು ಬಹಳ ಹೊತ್ತು ಅದನ್ನೇ ನೋಡಿದಳು. “ನಮ್ಮನೇಲೂ ಬೀಗ ಹೊರಗಿಂದಲೇ ಹಾಕ್ತಿದ್ದ. ಸಂಜೆ ಕೀಲಿ ತಿರುಗೋ ಸದ್ದು ಕೇಳಿದ್ರೆ ನನ್ನ ಮುಖ ಹೀಗಾಗ್ತಿತ್ತು. ಅವನೂ ಅದನ್ನೇ ಕೇಳ್ತಿದ್ದ. ಏನೇ, ಯಾಕೆ ನಗ್ತೀಯ ಅಂತ.” ಕಿರುಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡಳು.

ಗ್ರಾಫಮ್ಮ ಗುಂಡಿ ಒತ್ತಿ, ಕಂಪ್ಯೂಟರಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿದಳು. ಆಮೇಲೆ ಹಾಲಿಗೆ ಇಳಿದು ಕ್ಯಾಮೆರಾದ ತಂತಿಯನ್ನು ಕಿತ್ತು ಸುತ್ತಿಟ್ಟಳು. ಇನ್ನು ಮುಂದೆ ಕುರ್ಚಿಯ ಮೇಲೊಂದು ಹೆಸರಿಲ್ಲದ ಚೀಟಿ, ಬಾಗಿಲಲ್ಲೊಂದು ಪೆಟ್ಟಿಗೆ. ಎಲ್ಲಿ ಹೆದರಿದಿರಿ ಎಂದು ಜನರನ್ನೇ ಕೇಳಿದರಾಯಿತು. ಬೇಡದವರು ಖಾಲಿ ಹಾಕಲಿ. ಇಷ್ಟು ಸುಲಭದ್ದು ಮೊದಲೇ ಹೊಳೆಯಲಿಲ್ಲ. ಅಟ್ಟ ಮೇಲೆ ಒಲೆ ಉರಿಯಿತು.

ಹೊರಬಾಗಿಲಲ್ಲಿ ಹೆಂಗಸು ನಿಂತಳು. “ಅಕ್ಕ, ನೀವು ಮೊದಲು ಹೋಗಿ ನೋಡ್ತೀರಾ? ಎಡಗಡೆ, ಬಲಗಡೆ.”

“ಹೇಗಿದ್ದಾನೆ ಅವನು?”

“ಎಲ್ಲರ ಹಾಗೇ.”

ಗ್ರಾಫಮ್ಮ ಹೊಸ್ತಿಲು ದಾಟಿ ನಿಂತಳು. ನಾಲ್ಕೂವರೆಯ ಬಿಸಿಲು. ಬಸ್ಸಿಗೆ ಕಾದವರು, ಅಂಗಡಿಯ ಮುಂದೆ ನಿಂತವರು, ಗಾಡಿ ಒರಗಿಸಿ ಫೋನು ನೋಡುತ್ತಿದ್ದವನೊಬ್ಬ. ಆರು ವರ್ಷ ಮುಖಗಳನ್ನು ಎಣಿಸಿದವಳು ಅವನ್ನೆಲ್ಲ ಒಂದೊಂದಾಗಿ ನೋಡಿದಳು. ಫೋನು ನೋಡುತ್ತಿದ್ದವನು ತಲೆಯೆತ್ತಿದ. ಅವನ ತುಟಿ ಎರಡೂ ಕಡೆ ಸ್ವಲ್ಪ ಎಳೆದುಕೊಂಡಿತು.

ಅದು ಏನೆಂದು ಅವಳಿಗೆ ತಿಳಿಯಲಿಲ್ಲ. ಹೆಂಗಸನ್ನು ಒಳಗೇ ಉಳಿಸಿ, ಹಿಂದಕ್ಕೆ ಕೈ ಚಾಚಿ, ಬಾಗಿಲನ್ನು ಮೆಲ್ಲಗೆ ಮುಚ್ಚಿದಳು.